ಮೊಟ್ಟೆ ತಿನ್ನದವರ ನೂಡಲ್ಸ್ ಬಟ್ಟಲು

‘ನೂಡಲ್ಸ್‌ಗೆ ಮೊಟ್ಟೆಯ ಬದಲು ಮೊಳಕೆ ಹೆಸರುಕಾಳು ಹಾಕಿದರೆ ಅಷ್ಟೇ ಪ್ರೋಟೀನ್ ಸಿಗುತ್ತದೆಯೇ?’

ಸಿಗುತ್ತದೆ, ಆದರೆ ಕಾಳನ್ನು ನೆನೆಸುವ ಮೊದಲೇ ಅಳೆಯಬೇಕು. ಕಲಬುರಗಿಯಲ್ಲಿ ಕೋಣೆ ಹಿಡಿದು ಓದುತ್ತಿರುವ ನನ್ನ ತಂಗಿಯ ಮಗ ಮೊಳಕೆ ಬಂದ ಕಾಳನ್ನೇ 25 ಗ್ರಾಂ ತೂಗಿ ಹಾಕುತ್ತಿದ್ದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ! ಒಣಗಿದ ಹೆಸರುಕಾಳು 25 ಗ್ರಾಂ ತೆಗೆದುಕೊಂಡರೆ ಸುಮಾರು 6 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಮೊಳಕೆ ಬಂದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ.

ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. 70 ಗ್ರಾಂ ಪೊಟ್ಟಣದಲ್ಲಿ ಸಾಮಾನ್ಯವಾಗಿ 6 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು. ಜನ ಮಸಾಲೆಯನ್ನು ದೂರುತ್ತಾರೆ, ಆದರೆ ಅದರ ತಪ್ಪು ಉಪ್ಪು. ಕೊಬ್ಬು ಬರುವುದು ಎಣ್ಣೆಯಲ್ಲಿ ಕರಿದು ತೆಗೆದ ನೂಡಲ್ಸ್‌ನಿಂದ. ಮೊಟ್ಟೆ ಒಡೆದು ಹಾಕಿದರೆ ಬಟ್ಟಲಿನ ಪ್ರೋಟೀನ್ 12ಕ್ಕೆ, ಕೊಬ್ಬು 15ಕ್ಕೆ ಏರುತ್ತದೆ. ಕಾಳು ಹಾಕಿದರೆ ಪ್ರೋಟೀನ್ ಅದೇ 12, ಕೊಬ್ಬು 10ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ಹಿಡಿ ಹಸಿ ಬಟಾಣಿಯಿಂದ ಎರಡೂವರೆ ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು.

ಕಾಳನ್ನು ಮೊದಲು ಐದಾರು ನಿಮಿಷ ಕುದಿಸಿ, ಆಮೇಲೆ ನೂಡಲ್ಸ್ ಹಾಕಿ. ಒಟ್ಟಿಗೆ ಹಾಕಿದರೆ ನೂಡಲ್ಸ್ ಅಂಬಲಿಯಾಗುತ್ತದೆ, ಕಾಳು ಮಾತ್ರ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ.