ಟೇಬಲ್ ಕೆಳಗೆ ಹೋದ ಚೆಂಡು

ನಂಜನಗೂಡಿನ ಜಾತ್ರೆಗೆ ಹೋದವರು ಪ್ರಸಾದ ತರುತ್ತಾರೆ, ಬೆಂಡು ಬತ್ತಾಸು ತರುತ್ತಾರೆ. ಅಕ್ಕನ ಮಗ ತಂದದ್ದು ನಿಂಬೆಹಣ್ಣಿನಷ್ಟು ದಪ್ಪದ ಒಂದು ರಬ್ಬರ್ ಚೆಂಡು. ಒಳಗೆಲ್ಲ ಗಟ್ಟಿ, ಮೈತುಂಬ ಹಸಿರು ಹಳದಿ ಸುರುಳಿ. ಕೈಯಿಂದ ಸುಮ್ಮನೆ ಬಿಟ್ಟರೂ ಹೆಚ್ಚುಕಡಿಮೆ ಬಿಟ್ಟಷ್ಟೇ ಎತ್ತರಕ್ಕೆ ಪುಟಿದು ಬರುವ ಜಾತಿ. ಹುಡುಗರು ಇದನ್ನು ಕ್ರೇಜಿ ಬಾಲ್ ಅನ್ನುತ್ತಾರೆ. ಮನೆಯ ಹಿರಿಯರು ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಆ ಚೆಂಡನ್ನು ಡೈನಿಂಗ್ ಟೇಬಲ್ಲಿನ ಅಡಿಗೆ ಓರೆಯಾಗಿ ಬೀಸಿದ. ಆ ಕಡೆ ಫ್ರಿಜ್ಜು. "ಏಯ್, ಫ್ರಿಜ್ಜಿಗೆ ಬಡಿಯತ್ತೋ" ಎಂದು ನಾನು ಕೂಗುವಷ್ಟರಲ್ಲಿ ಚೆಂಡು ನೆಲಕ್ಕೆ ಬಿತ್ತು, ಟೇಬಲ್ಲಿನ ಅಡಿ ಹಲಗೆಗೆ ತಗಲಿತು, ಮತ್ತೆ ನೆಲಕ್ಕೆ ಬಿತ್ತು, ಹೋದ ದಾರಿಯಲ್ಲೇ ವಾಪಸ್ಸು ಬಂದು ಅವನ ಮೊಣಕಾಲಿಗೆ ಬಡಿಯಿತು. ಫ್ರಿಜ್ಜಿನ ಹತ್ತಿರ ಸುಳಿಯಲೂ ಇಲ್ಲ.

"ಮಾಮ, ಒಳಗೆ ಯಾರಾದ್ರೂ ಇದಾರಾ?" ಎಂದು ಬಗ್ಗಿ ನೋಡಿದ. ನಾನೂ ಬಗ್ಗಿ ನೋಡಿದೆ.

ನಾವೆಲ್ಲ ಹೈಸ್ಕೂಲಿನಲ್ಲಿ ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂದು ಉರು ಹೊಡೆದವರು. ಅದು ಬೆಳಕಿನ ವಿಷಯ. ಆದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ಚೆಂಡಿಗೂ, ಕೇರಂ ಪಾನಿಗೂ, ಕೆಲವೊಮ್ಮೆ ನೆಂಟರಿಗೂ ಅನ್ವಯಿಸಿಕೊಂಡು ಬಂದಿದ್ದೇವೆ. ಆ ನಿಯಮದ ಪ್ರಕಾರ ಚೆಂಡು ನೆಲ, ಹಲಗೆ, ನೆಲ ಎಂದು ಅಂಕುಡೊಂಕಾಗಿ ಮುಂದಕ್ಕೇ ಹೋಗಿ ಆ ಕಡೆಯಿಂದ ಹೊರಬೀಳಬೇಕಿತ್ತು. ಹಾಗಾಗದಿರಲು ಕಾರಣ ನೆಲ ಒರಟಾಗಿರುವುದು. ಕನ್ನಡಿಗೆ ಬಿದ್ದ ಬೆಳಕನ್ನು ಕನ್ನಡಿ ಹಿಡಿದು ಎಳೆಯುವುದಿಲ್ಲ. ನೆಲ ಚೆಂಡನ್ನು ಎಳೆಯುತ್ತದೆ.

ಎಳೆಯುವುದು ಇಡೀ ಚೆಂಡನ್ನಲ್ಲ, ತಗಲಿದ ಒಂದು ಚುಕ್ಕೆಯಷ್ಟು ಜಾಗವನ್ನು. ತಿರುಗದೆ ಓರೆಯಾಗಿ ಬಂದ ಚೆಂಡಿನ ಬುಡ ನೆಲದ ಮೇಲೆ ಮುಂದಕ್ಕೆ ಉಜ್ಜುತ್ತದೆ, ನೆಲ ಅದನ್ನು ಹಿಂದಕ್ಕೆ ತಡೆಯುತ್ತದೆ. ಬುಡವನ್ನು ತಡೆದಾಗ ತಲೆ ಮುಂದಕ್ಕೆ ಉರುಳುತ್ತದೆ, ಎಡವಿದ ಮನುಷ್ಯ ಮುಗ್ಗರಿಸುವ ಹಾಗೆ. ಚೆಂಡಿನ ಮುಂದೋಟ ಕಡಿಮೆಯಾಗುತ್ತದೆ, ತಿರುಗಾಟ ಹುಟ್ಟುತ್ತದೆ. ಈ ವಿನಿಮಯಕ್ಕೆ ಖಚಿತವಾದ ದರವಿದೆ. ಒಳಗೆಲ್ಲ ಗಟ್ಟಿಯಾದ ಚೆಂಡು ಮುಂದೋಟದಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಅದರ ಮೈ ತಿರುಗುವ ವೇಗ ಎರಡೂವರೆ ಪಾಲು ಏರುತ್ತದೆ. ದುಂಡಗಿನ ಗಟ್ಟಿ ವಸ್ತುವನ್ನು ತಳ್ಳುವುದಕ್ಕಿಂತ ತಿರುಗಿಸುವುದು ಸುಲಭ, ಅದಕ್ಕೇ ಇಷ್ಟು ಉದಾರವಾದ ದರ.

ಎಷ್ಟು ಪಾಲು ಬಿಟ್ಟುಕೊಡಬೇಕು ಅನ್ನುವುದರಲ್ಲಿ ಚೆಂಡಿನಿಂದ ಚೆಂಡಿಗೆ ವ್ಯತ್ಯಾಸ. ಸಾಧಾರಣ ಚೆಂಡಿನ ಬುಡ ಉಜ್ಜಿ ಉಜ್ಜಿ ಒಂದು ಕ್ಷಣ ನೆಲವನ್ನು ಕಚ್ಚಿ ನಿಲ್ಲುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. 7ರ ವೇಗದಲ್ಲಿ ಬಂದದ್ದು 5ರಲ್ಲಿ ಉರುಳುತ್ತಾ ಮೇಲೇಳುತ್ತದೆ. ಆದರೆ ಕ್ರೇಜಿ ಬಾಲಿನ ರಬ್ಬರು ಮೇಲೆ ಕೆಳಗೆ ಅಮುಕಿಕೊಳ್ಳುವುದಷ್ಟೇ ಅಲ್ಲ, ಅಡ್ಡಡ್ಡಲೂ ತಿರುಚಿಕೊಳ್ಳುತ್ತದೆ. ನೆಲ ಬುಡವನ್ನು ಹಿಡಿದಿದೆ, ಮೈ ಮುಂದಕ್ಕೆ ಹೋಗುತ್ತಿದೆ, ನಡುವೆ ರಬ್ಬರು ಸ್ಪ್ರಿಂಗಿನಂತೆ ಬಿಗಿಯುತ್ತದೆ. ನೆಲ ಬಿಡುವಾಗ ಆ ಬಿಗಿತವೆಲ್ಲ ಬಿಚ್ಚಿಕೊಂಡು ಬುಡವನ್ನು ಹಿಂದಕ್ಕೆ ಚಿಮ್ಮುತ್ತದೆ. ಪರಿಪೂರ್ಣ ಚೆಂಡಾದರೆ ಬುಡ ಎಷ್ಟು ವೇಗದಲ್ಲಿ ಮುಂದಕ್ಕೆ ಉಜ್ಜುತ್ತಾ ಬಂದಿತ್ತೋ ಅಷ್ಟೇ ವೇಗದಲ್ಲಿ ಹಿಂದಕ್ಕೆ ಹೊರಳಿಕೊಂಡು ಹೊರಡುತ್ತದೆ.

1960ರ ದಶಕದ ನಡುವಿನಲ್ಲಿ ಅಮೆರಿಕದ ರಸಾಯನತಜ್ಞ ನಾರ್ಮನ್ ಸ್ಟಿಂಗ್ಲಿ ಮಾಡಿದ ಸೂಪರ್ ಬಾಲ್ ಇದರ ಮೂಲಪುರುಷ. 1969ರಲ್ಲಿ ಇದರ ಪುಟಿತದ ಲೆಕ್ಕವನ್ನು ಕೂತು ಬರೆದವರು ರಿಚರ್ಡ್ ಗಾರ್ವಿನ್, ಮೊದಲ ಹೈಡ್ರೋಜನ್ ಬಾಂಬಿನ ವಿನ್ಯಾಸ ಮಾಡಿದ ಅದೇ ಗಾರ್ವಿನ್. ಒಬ್ಬನೇ ಮನುಷ್ಯನಿಗೆ ಎರಡೂ ಹೊಳೆದದ್ದು ಹೇಗೆ ಎಂದು ನನಗಿನ್ನೂ ಆಶ್ಚರ್ಯ. ಚೆಂಡಿನ ಲೆಕ್ಕದ ಬಗ್ಗೆ ಮಾತ್ರ ಕೃತಜ್ಞತೆಯಿದೆ.

ಲೆಕ್ಕವನ್ನು ನಮ್ಮ ಟೇಬಲ್ಲಿಗೆ ಇಳಿಸಿದೆ. ಚೆಂಡು ಸೆಕೆಂಡಿಗೆ 7 ಮೀಟರ್ ಮುಂದಕ್ಕೆ, ಅಷ್ಟೇ ವೇಗದಲ್ಲಿ ಕೆಳಕ್ಕೆ ಹೋಗುತ್ತಿದೆ ಅನ್ನಿ. ಸದ್ಯಕ್ಕೆ ಪರಿಪೂರ್ಣ ಚೆಂಡು, ಭೂಮಿಯ ಎಳೆತವನ್ನೂ ಮರೆತುಬಿಡೋಣ. ನೆಲಕ್ಕೆ ಬಿದ್ದಾಗ ಮುಂದೋಟದಲ್ಲಿ 4 ಹೋಗಿ 3 ಉಳಿಯಿತು. ದರದ ಪ್ರಕಾರ ನಾಲ್ಕಕ್ಕೆ ಹತ್ತು, ಅಂದರೆ ಮೈ 10ರ ವೇಗದಲ್ಲಿ ಗಿರಗಿರನೆ ತಿರುಗತೊಡಗಿತು. ಮೇಲೇಳುವಾಗ ಚೆಂಡು ಮೊದಲಿಗಿಂತ ನೆಟ್ಟಗೆ ಏಳುತ್ತದೆ. ಪ್ರತಿಫಲನ ಕೋನ ಇಲ್ಲೇ ಮಣ್ಣುಪಾಲು.

ಮಜಾ ಇರುವುದು ಹಲಗೆಯಲ್ಲಿ. ನೆಲಕ್ಕೆ ತಗಲುವುದು ಚೆಂಡಿನ ಬುಡ, ಹಲಗೆಗೆ ತಗಲುವುದು ನೆತ್ತಿ. ಮುಂದಕ್ಕೆ ಉರುಳುವ ಚೆಂಡಿನ ಬುಡ ಹಿಂದಕ್ಕೆ ಹೋಗುತ್ತಿದ್ದರೆ ನೆತ್ತಿ ಮುಂದಕ್ಕೆ ಹೋಗುತ್ತಿರುತ್ತದೆ. ಹೀಗಾಗಿ ಮುಂದೋಟದ 3, ತಿರುಗಾಟದ 10 ಎರಡೂ ಕೂಡಿ ನೆತ್ತಿ 13ರ ವೇಗದಲ್ಲಿ ಹಲಗೆಯನ್ನು ಉಜ್ಜುತ್ತದೆ. ಅಷ್ಟು ಜೋರಾಗಿ ಉಜ್ಜಿದ್ದನ್ನು ಹಲಗೆಯೂ ಅಷ್ಟೇ ಜೋರಾಗಿ ಹಿಂದಕ್ಕೆಳೆಯುತ್ತದೆ. ಚೆಂಡಿನ ಹತ್ತಿರ ಕೊಡಲು ಇದ್ದದ್ದು 3, ಹಲಗೆ ಕಿತ್ತುಕೊಂಡದ್ದು 7.4. ಸಾಲ ಬಿತ್ತು. ಚೆಂಡು ಈಗ 4.4ರ ವೇಗದಲ್ಲಿ ನಮ್ಮ ಕಡೆಗೆ ಬರುತ್ತಿದೆ, ತಿರುಗಾಟವೂ ತಿರುವುಮುರುವಾಗಿ 8.6 ಆಗಿದೆ.

ಮತ್ತೆ ನೆಲ. ಈ ಸಲ ಓಟಕ್ಕಿಂತ ತಿರುಗಾಟವೇ ಜಾಸ್ತಿ, ಕೆಸರಿನಲ್ಲಿ ಸಿಕ್ಕ ಲಾರಿ ಚಕ್ರದ ಹಾಗೆ. ಆದರೆ ನಮ್ಮ ನೆಲ ಕೆಸರಲ್ಲ, ಹಿಡಿತವಿದೆ. ಚಕ್ರ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಚೆಂಡನ್ನು ಮುಂದಕ್ಕೆ, ಅಂದರೆ ನಮ್ಮ ಕಡೆಗೆ, ನೂಕುತ್ತದೆ. ಓಟ 6.8ಕ್ಕೆ ಏರುತ್ತದೆ. ಎಸೆದದ್ದು 7, ಬಂದದ್ದು 6.8. ಮೊದಲು ಬಿದ್ದ ಜಾಗಕ್ಕೂ ಎರಡನೇ ಸಲ ಬಿದ್ದ ಜಾಗಕ್ಕೂ ಒಂದು ಗೇಣು ಕೂಡ ಅಂತರವಿಲ್ಲ. ಹೋದ ದಾರಿಯಲ್ಲೇ ಬಂದಂತೆ ಕಂಡದ್ದು ಭ್ರಮೆಯಲ್ಲ.

ಜಾತ್ರೆಯ ಚೆಂಡು ಪರಿಪೂರ್ಣವಲ್ಲ, ನಿಜ. ಅಡ್ಡ ಬಿಗಿತದಲ್ಲಿ ಒಂದು ಪಾಲನ್ನು ನುಂಗಿಯೇ ನುಂಗುತ್ತದೆ. ಉಜ್ಜಿದ ವೇಗದಲ್ಲಿ ನೂರಕ್ಕೆ ಅರವತ್ತನ್ನು ಮಾತ್ರ ತಿರುಗಿಸಿ ಕೊಡುವ ಚೆಂಡು ಎಂದು ಮತ್ತೊಮ್ಮೆ ಲೆಕ್ಕ ಹಾಕಿದೆ. ಆಗಲೂ 3.4ರ ವೇಗದಲ್ಲಿ ವಾಪಸ್ಸು ಬರುತ್ತದೆ, ಮೊಣಕಾಲಿಗೆ ಬಡಿಯಲು ಸಾಕು. ಏನನ್ನೂ ತಿರುಗಿಸಿ ಕೊಡದೆ ಕಚ್ಚಿ ಬಿಡುವ ಗಟ್ಟಿ ಚೆಂಡಾದರೆ 7, 5, 2.1, 0.9 ಎಂದು ಸೋಲುತ್ತಾ ಸೋಲುತ್ತಾ ಮುಂದಕ್ಕೇ ಹೋಗುತ್ತದೆ. ಗಲ್ಲಿ ಕ್ರಿಕೆಟ್ಟಿನ ಟೆನಿಸ್ ಚೆಂಡು ಒಳಗೆ ಪೊಳ್ಳು, ಅದರ ಅಂಕಿಗಳು ಬೇರೆ, ಆದರೆ ಹಣೆಬರಹ ಇದೇ. ಅದನ್ನು ಟೇಬಲ್ ಅಡಿಗೆ ಎಸೆದು ನೋಡಿದೆವು. ಪಾಪ, ಅಲ್ಲೇ ಎರಡು ಸಲ ಕುಪ್ಪಳಿಸಿ ಕುರ್ಚಿಯ ಕಾಲಿನ ಹತ್ತಿರ ಕೂತುಬಿಟ್ಟಿತು.

ಕ್ರಿಕೆಟ್ ಅಂದ ಕೂಡಲೆ ಪಕ್ಕದ ಮನೆಯ ರಾಯರು ಒಳಗೆ ಬಂದರು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಹತ್ತೂ ವಿಕೆಟ್ ತೆಗೆದಾಗ ಟಿವಿ ಮುಂದಿನಿಂದ ಎದ್ದಿರಲಿಲ್ಲವಂತೆ. "ಟಾಪ್ ಸ್ಪಿನ್ ಹಾಕಿದ್ರೆ ಪಿಚ್ ಬಿದ್ದ ಮೇಲೆ ಸ್ಪೀಡ್ ಜಾಸ್ತಿ ಆಗತ್ತೆ ಕಣಪ್ಪ, ಕಣ್ಣಾರೆ ನೋಡಿದೀನಿ" ಎಂದರು. ನಮ್ಮ ಚೆಂಡು ಮೂರನೇ ಪುಟಿತದಲ್ಲಿ ವೇಗ ಹೆಚ್ಚಿಸಿಕೊಂಡದ್ದು ಅದರ ತಿರುಗಾಟ ಓಟಕ್ಕಿಂತ ಜಾಸ್ತಿಯಿದ್ದುದರಿಂದ. ಸ್ಪಿನ್ನರ್ ಎಸೆದ ಚೆಂಡಿನ ವೇಗ ಗಂಟೆಗೆ 80 ಕಿಲೋಮೀಟರ್ ಅನ್ನಿ, ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಕ್ರಿಕೆಟ್ ಚೆಂಡು ನಿಮಿಷಕ್ಕೆ 2000 ಸುತ್ತು ತಿರುಗಿದರೂ ಅದರ ಮೈಯ ವೇಗ ಏಳೂವರೆ ಮೀಟರ್ ಅಷ್ಟೆ. ಬುಡ ಇನ್ನೂ ಮುಂದಕ್ಕೇ ಉಜ್ಜುತ್ತಿರುತ್ತದೆ, ಪಿಚ್ಚು ತಡೆದೇ ತಡೆಯುತ್ತದೆ. ಟಾಪ್ ಸ್ಪಿನ್ ಇದ್ದರೆ ಕಳೆದುಕೊಳ್ಳುವುದು ಕಡಿಮೆಯಾಗಬಹುದು, ಗಳಿಕೆಯಂತೂ ಇಲ್ಲ. ಬ್ಯಾಟ್ಸ್‌ಮನ್ ಇನ್ನಷ್ಟು ನಿಧಾನವಾಗುತ್ತದೆಂದು ಕಾದಿರುತ್ತಾನೆ, ಹಾಗಾಗದ್ದರಿಂದ ಜೋರಾಗಿ ಬಂದಂತೆ ತೋರುತ್ತದೆ. ಇದನ್ನು ರಾಯರಿಗೆ ಹೇಳಿದೆ. "ನೀನು ಲೆಕ್ಕ ಹಾಕು, ನಾನು ಮ್ಯಾಚ್ ನೋಡಿದೀನಿ" ಎಂದು ಕಾಫಿ ಕುಡಿದು ಹೋದರು.

ಆಟ ಕೈಕೊಟ್ಟದ್ದು ಹುಡುಗ ನನಗೆ ಚೆಂಡು ಕೊಟ್ಟಾಗ. ನಾನು ಎಸೆದರೆ ಒಂದು ಸಲವೂ ವಾಪಸ್ಸು ಬರಲಿಲ್ಲ. ಸೊಂಟ ಬಗ್ಗದ ಕಾರಣ ನಾನು ಚಪ್ಪಟೆಯಾಗಿ ಬೀಸುತ್ತಿದ್ದೆ. ಚೆಂಡು ನೆಲವನ್ನು ಎಷ್ಟು ಒತ್ತುತ್ತದೋ ನೆಲದ ಹಿಡಿತವೂ ಅಷ್ಟೇ, ಒತ್ತಡ ಸಾಲದೆ ಹೋದರೆ ಬುಡ ಕಚ್ಚದೆ ಕೊನೆತನಕ ಜಾರುತ್ತದೆ. ಚೆಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ದಪ್ಪ ಗೆರೆ ಎಳೆದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಚ್ಚಿದ ಚೆಂಡಿನ ಗೆರೆ ಗಿರಗಿರ ಸುತ್ತುತ್ತದೆ, ಜಾರಿದ್ದರ ಗೆರೆ ಸೋಮಾರಿಯಾಗಿ ಹೊರಳುತ್ತದೆ. ಸೀಮೆಸುಣ್ಣದ ಪುಡಿ ಹಚ್ಚಿ ನೆಲದ ಮೇಲೆ ಬೀಳುವ ಗುರುತು ನೋಡೋಣ ಎಂದು ಹೊರಟೆವು. ಆ ಪುಡಿಯಿಂದಲೇ ಚೆಂಡು ಇನ್ನಷ್ಟು ಜಾರತೊಡಗಿದ ಮೇಲೆ ಬಿಟ್ಟೆವು.

ಕಷ್ಟಪಟ್ಟು ಬಗ್ಗಿ ಕಡಿದಾಗಿ ಎಸೆದೆ. ನೆಲದಲ್ಲಿ ಸರಿಯಾಗಿ ಕಚ್ಚಿತು, ಹಲಗೆಯಲ್ಲಿ ಜಾರಿತು, ಫ್ರಿಜ್ಜಿಗೆ ಬಡಿಯಿತು. ಲೆಕ್ಕ ನೋಡಿದರೆ ಅದೂ ಸರಿಯೇ. ನೆಲ ಕಿತ್ತುಕೊಳ್ಳಬೇಕಾದದ್ದು 4, ಹಲಗೆ ಕಿತ್ತುಕೊಳ್ಳಬೇಕಾದದ್ದು 7.4. ಹಿಡಿತ ಹೆಚ್ಚುಕಡಿಮೆ ಎರಡರಷ್ಟು ಬೇಕಾದದ್ದು ಅಲ್ಲಿ. ಹುಡುಗ ಯಾವಾಗಲೂ ಎಸೆಯುತ್ತಿದ್ದದ್ದು ಬಲಗಡೆಗೆ, ಅಲ್ಲಿನ ಹಲಗೆ ಚೆಂಡು ತಗಲಿ ತಗಲಿ ಸ್ವಚ್ಛವಾಗಿತ್ತು. ನಾನು ಎಸೆದ ಎಡಗಡೆ, ಟೇಬಲ್ ಕೊಂಡ ದಿನದಿಂದ ಯಾರ ಕೈಯೂ ಸೋಕದ ಧೂಳು, ಒಂದು ಜೇಡರ ಬಲೆ. ಕೈ ಹಾಕಿ ಸವರಿದರೆ ಬೆರಳೆಲ್ಲ ಬೂದಿ. ಒದ್ದೆ ಬಟ್ಟೆ ತಂದು ಮಲಗಿಕೊಂಡು ಒರೆಸಿದೆ, ಆರುವ ತನಕ ಫ್ಯಾನ್ ಹಾಕಿದೆ. ಮುಂದಿನ ಎಸೆತಕ್ಕೆ ಚೆಂಡು ನೆಲ, ಹಲಗೆ, ನೆಲ ಎಂದು ಟಕಟಕ ಸದ್ದು ಮಾಡಿ ನೇರ ನನ್ನ ಅಂಗೈಗೆ ಬಂತು.

ಅಡುಗೆಮನೆಯಿಂದ ಬಂದ ಅಮ್ಮ ಕರಿ ಬಟ್ಟೆಯನ್ನೂ ನನ್ನನ್ನೂ ನೋಡಿದರು. "ಹದಿನಾಲ್ಕು ವರ್ಷದಿಂದ ಟೇಬಲ್ ಮೇಲ್ಗಡೆ ಒರೆಸು ಅಂತ ಬಡ್ಕೋತಾ ಇದೀನಿ" ಎಂದರು.