ಹುಟ್ಟುತ್ತಲೇ ಪ್ಯಾಶನೇಟ್

ಅಣ್ಣನ ಮಗ ತನ್ನ ಎಸ್‌ಒಪಿ ಕಳಿಸಿದ್ದ. 'ಚಿಕ್ಕಪ್ಪಾ, ಇಂಗ್ಲಿಷ್ ಒಂಚೂರು ನೋಡಿಕೊಡಿ' ಅಂತ. ಎಸ್‌ಒಪಿ ಗೊತ್ತಲ್ಲ, ಮಾಸ್ಟರ್ಸ್‌ಗೆ ಅರ್ಜಿ ಹಾಕುವವರು 'ನಾನು ಯಾಕೆ ಓದಬೇಕು' ಅಂತ ಒಂದೆರಡು ಪುಟ ಬರೆದುಕೊಡುವ ಪತ್ರ. ಮೊದಲ ಸಾಲೇ ಹೀಗಿತ್ತು: 'ಐ ಹ್ಯಾವ್ ಆಲ್ವೇಸ್ ಬೀನ್ ಪ್ಯಾಶನೇಟ್ ಅಬೌಟ್ ಡೇಟಾ.'

ಇವನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲೆ. ಮೊದಲು ಪ್ಯಾಶನ್ ಇದ್ದದ್ದು ಹೆಬ್ಬೆರಳು ಚೀಪುವುದರಲ್ಲಿ. ಆಮೇಲೆ ನಿದ್ದೆಯಲ್ಲಿ. ಡೇಟಾ ಬಂದದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಮೇಲಿನವರು ಹೇಳಿದರು ಅಂತ.

ಅವನೊಬ್ಬನನ್ನೇ ಬೈದು ಏನು ಬಂತು? ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಯೂಕಾಸ್ 2007ರಲ್ಲಿ ಇಂಥದ್ದೇ ಪತ್ರಗಳನ್ನು, ಸುಮಾರು 50,000, ಕಂಪ್ಯೂಟರಿಗೆ ಹಾಕಿ ತಾಳೆ ನೋಡಿತು. ಎಂಟನೇ ಹುಟ್ಟುಹಬ್ಬದ ದಿನ ಕೆಮಿಸ್ಟ್ರಿ ಸೆಟ್ ಹಿಡಿದು ಆಟವಾಡುತ್ತಾ ಪೈಜಾಮ ಸುಟ್ಟುಕೊಂಡವರು 234 ಜನ ಸಿಕ್ಕರು. ಎಲ್ಲರಿಗೂ ವಿಜ್ಞಾನದ ಜ್ಞಾನೋದಯ ಆದದ್ದು ಅದೇ ತೂತಿನಲ್ಲಿ! ನನಗೆ ಕಾಡುವುದು ಬೇರೆ. ಆ 234ರಲ್ಲಿ ಒಬ್ಬನ ಪೈಜಾಮವಾದರೂ ನಿಜವಾಗಿ ಸುಟ್ಟಿರಬಹುದಲ್ವಾ? ಅಮ್ಮನ ಕೈಲಿ ಏಟೂ ತಿಂದಿರಬಹುದು. ಪಾಪ, ಅವನೂ ಕಾಪಿ ಹೊಡೆದವರ ಪಟ್ಟಿಯಲ್ಲೇ ಸೇರಿಹೋದ.

ಇರಲಿ. ನಮ್ಮವನ ಪತ್ರದಲ್ಲಿ ಮುಂದೆ 'ನಿಮ್ಮ ವಿಶ್ವಮಟ್ಟದ ಅಧ್ಯಾಪಕರು, ನಿಮ್ಮ ಚೈತನ್ಯಭರಿತ ಕ್ಯಾಂಪಸ್' ಅಂತಿತ್ತು. ಯೂನಿವರ್ಸಿಟಿ ಹೆಸರು ಅಳಿಸಿ ಬೇರೆಯದನ್ನು ಹಾಕಿ ನೋಡಿದೆ. ವಾಕ್ಯಕ್ಕೆ ಏನೂ ಆಗಲಿಲ್ಲ, ಆರಾಮಾಗಿ ಕೂತಿತ್ತು. ಎಲ್ಲಿಗೆ ಬೇಕಾದರೂ ಸಲ್ಲುವ ಹೊಗಳಿಕೆ ಅದು. ಫೋನ್ ಮಾಡಿದೆ.

'ಯಾಕಪ್ಪಾ ಓದ್ತೀಯ, ನಿಜ ಹೇಳು.'

'ಸಂಬಳ ಜಾಸ್ತಿ ಆಗುತ್ತೆ ಚಿಕ್ಕಪ್ಪಾ.'

'ಸರಿ. ಅಷ್ಟೇನಾ?'

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಆಫೀಸಲ್ಲಿ ನನ್ನ ಒಂದು ಲೆಕ್ಕ ತಪ್ಪಾಯ್ತು. ಸರಿ ಮಾಡೋಕೆ ಬರ್ಲಿಲ್ಲ' ಅಂದ.

ಆ ಲೆಕ್ಕ ಕೇಳಿ. ಯಾವ ಸಾಮಾನು ದಿನಕ್ಕೆ ಎಷ್ಟು ತರಿಸಬೇಕು ಅಂತ ಹಳೇ ಮಾರಾಟ ನೋಡಿ ಅಂದಾಜು ಹೇಳುವ ಮಾಡೆಲ್ ಕಟ್ಟಿದ್ದ. ಒಂದು ಸಾಮಾನಿಗೆ 40 ಗಿರಾಕಿಗಳು ಬರುತ್ತಿದ್ದರು ಅನ್ನಿ. ಇದ್ದದ್ದು 25. ಮಧ್ಯಾಹ್ನಕ್ಕೇ ಖಾಲಿ. ದಾಖಲೆಯಲ್ಲಿ ಉಳಿಯುವುದು 25 ಮಾತ್ರ, ಬರಿಗೈಯಲ್ಲಿ ಹೋದ 15 ಜನರನ್ನು ಯಾರೂ ಬರೆದಿಡುವುದಿಲ್ಲ. ಮಾಡೆಲ್ 25 ಸಾಕು ಅಂದುಕೊಂಡಿತು. 25 ತರಿಸಿದರು, ಮತ್ತೆ ಖಾಲಿ, ಮಾಡೆಲ್‌ಗೆ ಇನ್ನಷ್ಟು ಧೈರ್ಯ. ಇವನು ಖಾಲಿಯಾದ ದಿನಗಳನ್ನೆಲ್ಲ ಲೆಕ್ಕದಿಂದ ಕಿತ್ತುಹಾಕಿದ. ಆದರೆ ಖಾಲಿಯಾಗುವುದೇ ಜನ ಮುಗಿಬಿದ್ದ ದಿನ. ಅವನ್ನು ತೆಗೆದರೆ ಉಳಿಯುವುದು ವ್ಯಾಪಾರ ಇಲ್ಲದ ದಿನಗಳು. ಅಂದಾಜು ಕಮ್ಮಿಯಾಗಿಯೇ ಉಳಿಯಿತು.

'ಕನಿಷ್ಠ ಇಷ್ಟು ಅಂತ ಗೊತ್ತು, ನಿಜವಾಗಿ ಎಷ್ಟು ಅಂತ ಗೊತ್ತಿಲ್ಲ' ಅನ್ನುವ ಇಂಥ ಅಂಕಿಗಳಿಗೆ ಸಂಖ್ಯಾಶಾಸ್ತ್ರದಲ್ಲಿ ಸೆನ್ಸರ್ಡ್ ಡೇಟಾ ಅಂತ ಹೆಸರಿದೆ. ಸರ್ವೈವಲ್ ಅನಾಲಿಸಿಸ್ ಪಾಠದಲ್ಲಿ ಇದನ್ನು ಕಲಿಸುತ್ತಾರೆ. ಆ ಪಾಠ ಅವನು ಅರ್ಜಿ ಹಾಕುತ್ತಿದ್ದ ಕೋರ್ಸಿನಲ್ಲಿ ಇದೆ! ಅದಕ್ಕೇ ಆ ಕೋರ್ಸ್ ಆರಿಸಿದ್ದನಂತೆ. ಪತ್ರದಲ್ಲಿ ಮಾತ್ರ ಇದರ ಸುಳಿವೇ ಇಲ್ಲ.

'ಇದನ್ನೇ ಬರಿಯೋ ಮಾರಾಯ' ಅಂದೆ. ಬರೆದ. 'ಮೈ ಫೋರ್ಕಾಸ್ಟ್ ವಾಸ್ ಟೂ ಲೋ. ಐ ಡ್ರಾಪ್ಡ್ ದ ಸೋಲ್ಡ್-ಔಟ್ ಡೇಸ್. ದಟ್ ಡಿಡ್ ನಾಟ್ ಫಿಕ್ಸ್ ಇಟ್. ಐ ವಾಂಟ್ ಟು ಲರ್ನ್ ವಾಟ್ ಡಸ್.' ನೋಡಿಕೊಡುವುದಕ್ಕೆ ಇದರಲ್ಲಿ ಏನೂ ಇರಲಿಲ್ಲ. ಸಂಬಳದ ವಿಷಯ ಬಿಟ್ಟ. ಅದು ಓದುವವರಿಗೂ ಗೊತ್ತಿರುತ್ತದೆ, ಅವರೂ ಸಂಬಳಕ್ಕೇ ಓದುತ್ತಿರುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ನಗು ಬರುತ್ತಿಲ್ಲ. ಯೂನಿವರ್ಸಿಟಿಯವರೇ, ಇಪ್ಪತ್ತು ದಾಟಿದ ಹುಡುಗರ ಹತ್ತಿರ ಅರ್ಜಿ ಶುಲ್ಕವನ್ನೂ ವಸೂಲಿ ಮಾಡಿ, ಬಾಳಿನ ಗುರಿಯನ್ನೂ ಹೇಳು ಅಂತ ಕೂರಿಸುತ್ತೀರಿ. ಯಾವ ಉತ್ತರ ನಿಮಗೆ ಹಿಡಿಸುತ್ತದೆ ಅಂತ ಹೇಳುವುದಿಲ್ಲ. ಹೆದರಿದ ಹುಡುಗರು ದುಡ್ಡು ಕೊಟ್ಟು ಬೇರೆಯವರ ಕೈಲಿ ತಮ್ಮ ಆಸೆ ಬರೆಸಿಕೊಳ್ಳುತ್ತಾರೆ. ಆಮೇಲೆ, ಎಲ್ಲರೂ ಒಂದೇ ಥರ ಬರೆಯುತ್ತಾರೆ ಅಂತ ನೀವೇ ಗೊಣಗುತ್ತೀರಿ.

ನಿನ್ನೆ ರಾತ್ರಿ ಮೆಸೇಜ್ ಬಂತು. 'ಚಿಕ್ಕಪ್ಪಾ, ಕನ್ಸಲ್ಟೆಂಟ್ ಓದಿದ್ರು. ಲೆಕ್ಕ ತಪ್ಪಿದ್ದು ನೆಗೆಟಿವ್ ಆಗುತ್ತೆ, ತೆಗೀರಿ ಅಂದ್ರು. ಅದರ ಬದಲು ಚಿಕ್ಕಂದಿನ ಘಟನೆ ಏನಾದ್ರೂ ಹಾಕಬೇಕಂತೆ. ನಿಮಗೆ ಯಾವುದಾದ್ರೂ ನೆನಪಿದೆಯಾ?'

ಒಂದು ಪೈಜಾಮ ಇದೆ, ಕಳಿಸಲಾ ಅಂತ ಕೇಳಿದ್ದೇನೆ.