ಭೂಕಂಪಕ್ಕೂ ಜಗ್ಗದ ಗೋಡೆ, ಜೂನ್ ಮಳೆಗೆ ಹೊಟ್ಟೆ ಬಿಟ್ಟಿತು

ಫೋಟೋ ನಿಮಗೂ ಬಂದಿರುತ್ತದೆ. "ಭೂಕಂಪ ನಿರೋಧಕ ತಡೆಗೋಡೆ" ಅಂತ ದಪ್ಪ ಅಕ್ಷರದ ಬೋರ್ಡು. ಅದರ ಪಕ್ಕದಲ್ಲೇ ಮದುವೆ ಊಟ ಮುಗಿಸಿ ಬೆಲ್ಟ್ ಸಡಿಲಿಸಿದ ಮಾವನ ಹಾಗೆ ಮುಂದಕ್ಕೆ ಉಬ್ಬಿದ ಗೋಡೆ. ಅದು ನಮ್ಮ ಬಡಾವಣೆಯದೇ. ಹೆಮ್ಮೆಯಿಂದ ಹೇಳುತ್ತಿದ್ದೇನೆ, ಏಕೆಂದರೆ ಗೋಡೆ ಉಬ್ಬಿದ ದಿನ ಭೂಕಂಪ ಆಗಿರಲಿಲ್ಲ. ಬೋರ್ಡಿನಲ್ಲಿ ಬರೆದದ್ದು ಸುಳ್ಳು ಅಂತ ಯಾರೂ ಹೇಳುವ ಹಾಗಿಲ್ಲ.

2022ರ ಜೂನ್ ಕೊನೆಗೆ ಸುಳ್ಯ, ಕೊಡಗಿನ ಗಡಿಯಲ್ಲಿ ನೆಲ ನಡುಗಿತಲ್ಲ, ಆಮೇಲೆ ಈ ಭಾಗದ ಸೈಟು ಮಾರುವವರಿಗೆಲ್ಲ ಭೂಕಂಪದ ಮೇಲೆ ಪ್ರೀತಿ ಹುಟ್ಟಿತು. ನಮಗೂ ಗೋಡೆ ಭೂಕಂಪ ತಡೆಯುತ್ತದೆ ಅನ್ನುವ ಲೆಕ್ಕದ, ಬಣ್ಣದ ಮುಖಪುಟದ ರಿಪೋರ್ಟು ಕೊಟ್ಟರು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಚಟಕ್ಕೆ ನಾನು ಅದನ್ನು ಓದಿದೆ. ಬಡಾವಣೆಯಲ್ಲಿ ಓದಿದವನು ನಾನೊಬ್ಬನೇ ಇರಬೇಕು, ಬರೆದವರೂ ಓದಿರಲಿಕ್ಕಿಲ್ಲ.

ಲೆಕ್ಕದ ಹಿಂದಿನ ಕಥೆ ಮಾತ್ರ ಚೆನ್ನಾಗಿದೆ. 1923ರಲ್ಲಿ ಜಪಾನಿನ ಕಾಂಟೋ ಭೂಕಂಪ ಆದ ಮೇಲೆ ಒಕಾಬೆ, ಮೊನೊನೊಬೆ ಅನ್ನುವ ಎಂಜಿನಿಯರ್‌ಗಳು ಕೂತು ಯೋಚಿಸಿದರು. ಗೋಡೆಯ ಹಿಂದಿನ ಮಣ್ಣು ಒಂದು ತ್ರಿಕೋನದ ತುಂಡಾಗಿ ಜಾರುತ್ತದೆ ಅಂತ ಫ್ರಾನ್ಸಿನ ಕುಲಾಂ 1776ರಲ್ಲೇ ಹೇಳಿದ್ದ. ಇವರು ಆ ತುಂಡಿಗೆ ಅಡ್ಡಡ್ಡ ಒಂದು ಬಲ ಸೇರಿಸಿದರು. ಭೂಕಂಪ ಅತ್ತ ಇತ್ತ ಒದೆಯುತ್ತದೆ ನಿಜ, ಆದರೆ ಲೆಕ್ಕಕ್ಕೆ ಅದನ್ನು ಒಂದೇ ಕಡೆಗೆ ಒಂದೇ ಸಮ ತಳ್ಳುವ ಬಲ ಅಂದುಕೊಳ್ಳೋಣ ಅಂದರು. ಮಣ್ಣಿನ ತೂಕದ ಹತ್ತನೇ ಒಂದು ಭಾಗ ತೆಗೆದುಕೊಂಡರೆ kh = 0.1. ಹೆಸರಿಗೇ ಹುಸಿ ಸ್ಥಿರ ವಿಧಾನ. ಹುಸಿ ಅಂತ ಮೊದಲೇ ಒಪ್ಪಿಕೊಂಡಿದೆ, ಅಷ್ಟು ಪ್ರಾಮಾಣಿಕತೆ ನಮ್ಮ ರಿಪೋರ್ಟಿಗಿಲ್ಲ.

ಅಡುಗೆಮನೆಯಲ್ಲೇ ಇದನ್ನು ನೋಡಬಹುದು. ಮೊರದಲ್ಲಿ ಅಕ್ಕಿ ರಾಶಿ ಹಾಕಿ, ಮೊರವನ್ನು ಸ್ವಲ್ಪ ಓರೆ ಮಾಡಿ. ಅಡ್ಡ ಬಲ ಸೇರಿಸುವುದೂ ಇಡೀ ಗೋಡೆ, ಮಣ್ಣು ಎಲ್ಲವನ್ನೂ ಓರೆ ಮಾಡುವುದೂ ಹೆಚ್ಚುಕಡಿಮೆ ಒಂದೇ. 0.1 ಅಂದರೆ ಸುಮಾರು 5.7 ಡಿಗ್ರಿ ಓರೆ. ಅಷ್ಟೇ. ಆದರೆ ರಾಶಿ ಅದಾಗಲೇ ಕಡಿದಾಗಿದ್ದರೆ ಅಷ್ಟಕ್ಕೇ ಜಾರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಗೋಡೆ ಐದು ಮೀಟರ್ ಎತ್ತರ. ಮಣ್ಣು ಘನ ಮೀಟರಿಗೆ 1.8 ಟನ್, ಅದರ ಘರ್ಷಣೆಯ ಕೋನ, ಅಂದರೆ ಒಣ ರಾಶಿ ಜಾರದೆ ನಿಲ್ಲುವ ಓರೆ, 30 ಡಿಗ್ರಿ. ರಿಪೋರ್ಟಿನ ಹಾಗೇ ಹಿಂದೆ ಮಟ್ಟಸ ನೆಲ ಇದೆ, ಮಣ್ಣಿಗೂ ಗೋಡೆಗೂ ಘರ್ಷಣೆ ಇಲ್ಲ ಅಂತ ಇಟ್ಟುಕೊಳ್ಳೋಣ. ಮಾಮೂಲಿ ದಿನ ಒಂದೊಂದು ಮೀಟರ್ ಉದ್ದಕ್ಕೆ ಮಣ್ಣು 7.5 ಟನ್ ತಳ್ಳುತ್ತದೆ. ಭೂಕಂಪ ಸೇರಿಸಿದರೆ 8.9 ಟನ್. ಜಾಸ್ತಿಯಾಗಿದ್ದು 1.4 ಟನ್, ಅಂದರೆ ಶೇಕಡ 19. ರಿಪೋರ್ಟಿನಲ್ಲೂ ಇದೇ ಇದೆ, ಸರಿಯಾಗಿದೆ, ಬೆನ್ನು ತಟ್ಟೋಣ.

ತಟ್ಟಿ ಆಯಿತು. ಆ 1.4 ಟನ್ ಎಲ್ಲಿ ತಳ್ಳುತ್ತದೆ? ಮಾಮೂಲಿ ಒತ್ತಡ ತಳದಿಂದ ಮೂರನೇ ಒಂದು ಎತ್ತರದಲ್ಲಿ ತಳ್ಳಿದ ಹಾಗೆ ಲೆಕ್ಕ. ಭೂಕಂಪದ ಹೆಚ್ಚುವರಿ ಮಾತ್ರ ಮೇಲೆ ಕೂರುತ್ತದೆ. ಅಮೆರಿಕದ ಎಂಜಿನಿಯರ್‌ಗಳಾದ ಸೀಡ್ ಮತ್ತು ವಿಟ್ಮನ್ 1970ರಲ್ಲಿ ಎತ್ತರದ 0.6 ಪಟ್ಟು ಅಂದರು, ನಮ್ಮ ಗೋಡೆಗೆ ಮೂರು ಮೀಟರ್. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಹಿಡಿಯ ಹತ್ತಿರ ತಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹಾಗಾಗಿ ಬಲ ಶೇಕಡ 19 ಹೆಚ್ಚಿದರೂ ಗೋಡೆಯನ್ನು ಮಗುಚುವ ಶಕ್ತಿ ಶೇಕಡ 34 ಹೆಚ್ಚುತ್ತದೆ. ರಿಪೋರ್ಟಿನಲ್ಲಿ ಎಲ್ಲವನ್ನೂ ಒಟ್ಟು ಹಾಕಿ ಕೆಳಗೇ ಇಟ್ಟಿದ್ದರು. ಭೂಕಂಪಕ್ಕೂ ಬಗ್ಗಿ ನಡೆಯುವ ಸಂಸ್ಕಾರ ಕಲಿಸಿದ್ದಾರೆ.

ಇನ್ನೊಂದು ತಮಾಷೆ. ಭೂಮಿ ಅಲುಗಿದರೆ ಮಣ್ಣಿನ ಜೊತೆ ಗೋಡೆಯೂ ಅಲುಗುತ್ತದೆ. ನಮ್ಮದು ತನ್ನ ತೂಕದಿಂದಲೇ ನಿಲ್ಲುವ ಕಲ್ಲಿನ ಗೋಡೆ, ಮೀಟರಿಗೆ 21 ಟನ್. ಅದರ ಹತ್ತನೇ ಒಂದು ಭಾಗ 2.1 ಟನ್. ಮಣ್ಣಿನ ಹೆಚ್ಚುವರಿಗಿಂತ ಗೋಡೆ ತನ್ನನ್ನು ತಾನೇ ತಳ್ಳಿಕೊಳ್ಳುವುದೇ ಜಾಸ್ತಿ! ರಿಪೋರ್ಟಿನಲ್ಲಿ ಈ 2.1ರ ಸುಳಿವೇ ಇಲ್ಲ. ಗೋಡೆಯ ರಿಪೋರ್ಟಿನಲ್ಲಿ ಗೋಡೆಯನ್ನೇ ಮರೆಯುವುದಕ್ಕೆ ನಿಜಕ್ಕೂ ಪ್ರತಿಭೆ ಬೇಕು.

ಈಗ ಓರೆ ಮೊರಕ್ಕೆ ಬರೋಣ. ನಮ್ಮ ಗೋಡೆಯ ಹಿಂದೆ ಮಟ್ಟಸ ನೆಲ ಎಲ್ಲಿದೆ? ಇರುವುದು ಗುಡ್ಡ, ಇಳಿಜಾರು ಸುಮಾರು 25 ಡಿಗ್ರಿ. ಸೂತ್ರದಲ್ಲಿ ಒಂದು ವರ್ಗಮೂಲ ಇದೆ, ಅದರೊಳಗೆ ಮಣ್ಣಿನ 30ರಲ್ಲಿ ಇಳಿಜಾರಿನ 25, ಓರೆಯ 5.7 ಎರಡನ್ನೂ ಕಳೆಯಬೇಕು. ಸೊನ್ನೆಗಿಂತ ಕೆಳಗೆ ಹೋಯಿತು. ಎಕ್ಸೆಲ್ ಪಾಪ #NUM! ಅಂತ ಕಿರುಚುತ್ತದೆ. ಅದು ಎಕ್ಸೆಲ್ಲಿನ ತಪ್ಪಲ್ಲ. ಅಷ್ಟು ಅಲುಗಾಟಕ್ಕೆ ಆ ಗುಡ್ಡ ತಾನೇ ನಿಲ್ಲುವುದಿಲ್ಲ, ಗೋಡೆಯ ಲೆಕ್ಕ ಬಿಡು, ಮೊದಲು ಗುಡ್ಡದ ಲೆಕ್ಕ ಮಾಡು ಅಂತ ಸೂತ್ರ ಕೈಮುಗಿದು ಹೇಳುತ್ತಿದೆ. ಇದಕ್ಕೆ ನಮ್ಮವರು ಕಂಡುಕೊಂಡ ದಾರಿ ಸರಳ: ಇಳಿಜಾರು = 0. ಅಲ್ಲಿಗೆ ಗುಡ್ಡ ಹೋಯಿತು, SAFE ಬಂತು. ಜೆಸಿಬಿಯೂ ಬೇಡ. ನನ್ನ ಹಳೆಯ ಆಫೀಸಿನಲ್ಲಿ ಒಬ್ಬ ಹುಡುಗ ಇನ್ನೂ ಜಾಣ, ಇಡೀ ಸೂತ್ರಕ್ಕೆ ಹೀಗೆ ಅಂಗಿ ತೊಡಿಸಿದ್ದ:

```
=IFERROR(Kae, 0)
```

Kae ಅಂದರೆ ಸೂತ್ರ ಕೊಡುವ ಭೂಕಂಪದ ಒತ್ತಡದ ಗುಣಾಂಕ. ತಪ್ಪು ಬಂದರೆ ಸೊನ್ನೆ. ಗುಡ್ಡ ಕಡಿದಾದಷ್ಟೂ ಒತ್ತಡ ಮಾಯ! "ಸಾರ್, ಶೀಟ್ ನೀಟಾಗಿ ಕಾಣುತ್ತೆ" ಅಂದ. ನೀಟಾಗಿಯೇ ಇತ್ತು.

ಆದರೆ ಇಷ್ಟೆಲ್ಲ ಆಡಿಕೊಂಡರೂ ಗೋಡೆ ಉಬ್ಬಿದ್ದು ಇದ್ಯಾವುದರಿಂದಲೂ ಅಲ್ಲ. ಈ ಸೂತ್ರ ಹುಟ್ಟಿದ್ದೇ ಒಣ ಮರಳಿಗೆ. ನಮ್ಮಲ್ಲಿ ಜೂನ್‌ನಲ್ಲಿ ಒಣಗಿದ್ದು ಅಂತ ಸಿಗುವುದು ಹಪ್ಪಳದ ಡಬ್ಬಿಯಲ್ಲಿ ಮಾತ್ರ. ಗೋಡೆಯ ಹಿಂದೆ ನೀರು ತುಂಬಿತು. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಹಾಗಾಗಿ ಅದು ತನ್ನ ಭಾರದ ಮೂರನೇ ಒಂದು ಭಾಗವನ್ನಷ್ಟೇ ಅಡ್ಡಕ್ಕೆ ತಳ್ಳುತ್ತದೆ. ನೀರಿಗೆ ಆ ದಾಕ್ಷಿಣ್ಯ ಇಲ್ಲ, ಪೂರ್ತಿ ತಳ್ಳುತ್ತದೆ. ಮೇಲಿನವರೆಗೂ ತುಂಬಿದರೆ ನೀರೇ 12.5 ಟನ್, ನೆನೆದ ಮಣ್ಣಿನದು ಸುಮಾರು 4.2. ಒಟ್ಟು 16.7 ಟನ್. ಭೂಕಂಪ ಬಂದರೆ 8.9, ಸುಮ್ನೆ ಮಳೆ ಬಂದರೆ 16.7. ಭೂಕಂಪ ಯಾವಾಗಲೋ, ಮಳೆ ಪ್ರತಿವರ್ಷ.

ನೀರು ಹೊರಗೆ ಹೋಗಲು ತೂತುಗಳಿದ್ದವಲ್ಲ ಅಂತ ನೀವು ಕೇಳುತ್ತೀರಿ. ಇದ್ದವು. ಸಾಲಾಗಿ, ಅಳತೆ ಹಿಡಿದ ಹಾಗೆ, ನೀಲಿ ಪೈಪು. ಜೋರು ಮಳೆಯಲ್ಲೂ ಒಂದರಿಂದಲೂ ಹನಿ ಬೀಳುತ್ತಿರಲಿಲ್ಲ. ಅನುಮಾನ ಬಂದು ಕೊಡೆಯ ಕಡ್ಡಿ ತೂರಿಸಿದೆ. ಒಂದು ಗೇಣು ಹೋಗಿ ಟಕ್ ಅಂತು. ಇನ್ನೊಂದಕ್ಕೆ ತೂರಿಸಿದೆ, ಟಕ್. ಹನ್ನೊಂದು ತೂತು ನೋಡಿದೆ, ಹನ್ನೊಂದೂ ಟಕ್. ಗೋಡೆ ಕಟ್ಟಿ ಮುಗಿದ ಮೇಲೆ ಮುಂದಿನಿಂದ ತುಂಡು ಪೈಪು ಸಿಕ್ಕಿಸಿ ಸಿಮೆಂಟು ಮೆತ್ತಿದ್ದಾರೆ. ಹಿಂದೆ ಜಲ್ಲಿ ಹಾಕಿದ್ದಾರಾ ಅಂತ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕ. "ಬಿಲ್ಲಲ್ಲಿ ಹಾಕಿದ್ದಾರೆ ಸಾರ್" ಅಂದ.

ಇಲ್ಲಿಗೆ ನನಗೆ ತಮಾಷೆ ಬರುವುದು ನಿಂತಿತು. ಗೋಡೆಯ ಕೆಳಗೆ ನಾಲ್ಕು ಮನೆ ಇವೆ. ಒಂದರ ಹಿತ್ತಲಲ್ಲಿ ಮಗುವಿನ ಉಯ್ಯಾಲೆ ಇದೆ, ಗೋಡೆಗೆ ಎರಡು ಮಾರು ದೂರ. ಪೈಪಿನ ಖರ್ಚು ಎಷ್ಟು ಮಾರಾಯ್ರೇ? ಜಪಾನಿನ ಸೂತ್ರಕ್ಕೆ ಹನ್ನೆರಡು ಪುಟ ಕೊಟ್ಟವರಿಗೆ ಗೋಡೆ ದಾಟುವಷ್ಟು ಉದ್ದದ ಪೈಪು ಸಿಗಲಿಲ್ಲ.

ಮೊನ್ನೆ ಹೊಸ ಸುದ್ದಿ. ಉಬ್ಬಿದ ಗೋಡೆಗೆ ಪರಿಷ್ಕೃತ ರಿಪೋರ್ಟು ಬರುತ್ತಂತೆ, ಈ ಸಲ kh = 0.16. ಬೋರ್ಡಿಗೂ ಬಣ್ಣ ಹೊಡೆಸುತ್ತಾರಂತೆ. ನಾನು ಕೊಡೆಯ ಕಡ್ಡಿ ತೆಗೆದುಕೊಂಡು ಉಳಿದ ತೂತು ಎಣಿಸಲು ಹೊರಟಿದ್ದೇನೆ. ಉಯ್ಯಾಲೆಯ ಮನೆಯವರಿಗೆ ಅದನ್ನು ಮುಂದಿನ ಅಂಗಳಕ್ಕೆ ಕಟ್ಟಿ ಅಂತ ಹೇಳಿ ಬಂದಾಗಿದೆ.